ಕಿವಿ ಕೇಳದ ಹುಡುಗಿಗೆ ಬೇರ್ಪಡಿಸುವಿಕೆ ಪಾಠ: ಒಂದೇ ಹೊತ್ತಿಗೆ ಎರಡು ಕಡೆ ನೋಡಕಾಗಲ್ಲ

ಪ್ರಶ್ನೆ: ನಾನು ಗಂಗಾವತಿ ತಾಲೂಕಿನ ಸರ್ಕಾರಿ ಶಾಲೇಲಿ ವಿಜ್ಞಾನ ಟೀಚರ್. ನನ್ನ ಕ್ಲಾಸಲ್ಲಿ ಕಿವಿ ಕೇಳದ ಒಬ್ಬ ಹುಡುಗಿ ಇದಾಳೆ, ಸನ್ನೆ ಭಾಷೆ ಬರುತ್ತೆ, ಇಂಟರ್‌ಪ್ರಿಟರ್ ಮೇಡಮ್ಮೂ ಬರ್ತಾರೆ. ನಾನು ಬೋರ್ಡ್ ಮೇಲೆ ಚಿತ್ರ ಬರೀತೀನಿ, ಸೂಚನೆ ಬರ್ದು ಹಾಳೇನೂ ಕೊಡ್ತೀನಿ. ಆದ್ರೂ ಪ್ರಯೋಗ ಮಾಡುವಾಗ ಪಕ್ಕದವಳನ್ನ ನೋಡ್ಕೊಂಡೇ ಮಾಡ್ತಾಳೆ. ಮುಂದಿನ ವಾರ ಮರಳು, ಉಪ್ಪು, ನೀರು ಬೇರ್ಪಡಿಸೋ ಪಾಠ ಐತಿ. ಹೆಂಗ್ ಮಾಡ್ಲಿ?

ಉತ್ತರ: ನೀವು ಕೊಡ್ತಿರೋದು ಕಮ್ಮಿ ಆಗಿಲ್ರಿ ಮೇಡಂ, ಎಲ್ಲಾ ಒಟ್ಟಿಗೇ ಕೊಡ್ತಿದೀರಿ ಅನ್ಸುತ್ತೆ. ಉಳಿದ ಹುಡುಗರು ನಿಮ್ಮ ಮಾತು ಕೇಳ್ತಾ ಕೇಳ್ತಾ ಬೋರ್ಡ್ ನೋಡ್ತಾರೆ, ಕೈಯಾಗಿನ ಲೋಟಾನೂ ನೋಡ್ತಾರೆ. ಈಕಿಗೆ ಮಾತೂ ಕಣ್ಣಿಂದಾನೇ ಒಳಗ ಹೋಗ್ಬೇಕು. ನೀವು ಬೋರ್ಡ್ ಕಡೆ ತಿರುಗಿ ಬರೀತಾ ಮಾತಾಡಿದ್ರೆ ಇಂಟರ್‌ಪ್ರಿಟರ್ ಕೈ ನೋಡ್ಬೇಕಾ ಚಿತ್ರ ನೋಡ್ಬೇಕಾ? ಒಂದನ್ನ ನೋಡಿದ್ರೆ ಇನ್ನೊಂದು ಹೋಯ್ತು. ಅದಕ್ಕೇ ಪಕ್ಕದವಳನ್ನ ನೋಡ್ತಾಳೆ.

ಹಂಗಾಗಿ ಪಾಠದ ಕ್ರಮಾನೇ ಬದಲಾಯಿಸ್ರಿ. ಮೊದ್ಲು ಗಾಜಿನ ಲೋಟ ಎತ್ತಿ ಹಿಡಿದು ಸುಮ್ನೆ ನಿಲ್ರಿ, ಎಲ್ಲಾರೂ ನೋಡ್ಲಿ. ಆಮೇಲೆ ಲೋಟ ಕೆಳಗಿಟ್ಟು ಮಾತಾಡ್ರಿ. ಇಂಟರ್‌ಪ್ರಿಟರ್ ನಿಮ್ಮ ಮಾತಿಗಿಂತ ಕೆಲವು ಸೆಕೆಂಡ್ ಹಿಂದೇನೇ ಇರ್ತಾರೆ, ಮಾತಿನ ಅರ್ಥ ತಿಳೀದೆ ಸನ್ನೆ ಮಾಡಕಾಗಲ್ಲ, ಅದಕ್ಕೆ ಅವರ ಕೈ ನಿಂತ ಮೇಲೇನೇ ಮುಂದಿನ ಕೆಲಸ ಶುರು ಮಾಡ್ರಿ. ಪ್ರಶ್ನೆ ಕೇಳ್ದಾಗ್ಲೂ ಅಷ್ಟೇ, ಸನ್ನೆ ಮುಗಿಯೋಕೆ ಮುಂಚೆ ಉಳಿದ ಹುಡುಗರು ಉತ್ತರ ಕೂಗಿಬಿಟ್ರೆ ಈಕಿಗೆ ಚಾನ್ಸೇ ಸಿಗಲ್ಲ. ಕೈ ಎತ್ತಿದವರಿಗೇ ಮಾತು ಅಂತ ರೂಲ್ ಮಾಡ್ರಿ.

ಇಂಟರ್‌ಪ್ರಿಟರ್ ಬೋರ್ಡ್ ಪಕ್ಕ, ನಿಮಗೆ ಹತ್ತಿರಾನೇ ನಿಲ್ಲಲಿ. ಕಿಟಕಿ ಅವರ ಬೆನ್ನಿಗೆ ಇರಬಾರ್ದು, ನಮ್ಮ ಕಡೆ ಬಿಸಿಲಿಗೆ ಕಿಟಕಿ ಮುಂದ ನಿಂತವರ ಮುಖ ಕಪ್ಪಾಗಿ ಕಾಣ್ತದ, ಸನ್ನೇಲಿ ಕೈಯಷ್ಟೇ ಮುಖಾನೂ ಮುಖ್ಯ. ಒಬ್ಬರೇ ಇದ್ರೆ ಅರ್ಧ ಗಂಟೆ ಒಳಗೇ ಸುಸ್ತಾಗಿ ತಪ್ಪು ಶುರುವಾಗ್ತವೆ, ಆದ್ರಿಂದ ಮಾತಿನ ಭಾಗ ಮೊದಲೇ ಮುಗಿಸಿ ಕೈಕೆಲಸ ಆಮೇಲೆ ಇಡ್ರಿ. ಪಾಠದ ನೋಟ್ಸ್ ಅವರಿಗೆ ಒಂದು ದಿನ ಮುಂಚೆ ಕೊಡಿ. ಸೋಸೋದು, ಬಸಿಯೋದು, ಆವಿಯಾಗೋದು, ಇವಕ್ಕೆ ಯಾವ ಸನ್ನೆ ಅಂತ ನೀವು, ಅವ್ರು, ಹುಡುಗಿ ಮೂವರೂ ಕೂತು ಮೊದಲೇ ಮಾತಾಡ್ಕೊಳ್ರಿ. ದಿಲ್ಲಿಯ ಭಾರತೀಯ ಸಂಜ್ಞಾ ಭಾಷೆ ಕೇಂದ್ರದ ಡಿಕ್ಷನರಿ ಆನ್‌ಲೈನಲ್ಲಿ ಐತಿ, ಅಲ್ಲಿ ಸಿಗದ ಪದಕ್ಕೆ ತಾತ್ಕಾಲಿಕವಾಗಿ ಒಂದು ಸನ್ನೆ ಒಪ್ಕೊಂಡು ಪಾಠ ಮುಗಿಯೋವರೆಗೂ ಅದನ್ನೇ ಬಳಸಿದ್ರೆ ಸಾಕು.

ಇನ್ನ ಹಾಳೆ ವಿಷಯ. ಸನ್ನೆ ಭಾಷೇಲಿ ಬೆಳೆದ ಮಗುವಿಗೆ ಬರವಣಿಗೆ ಕನ್ನಡ ಎರಡನೇ ಭಾಷೆ ಇದ್ದಂಗ, ವ್ಯಾಕರಣಾನೇ ಬೇರೆ. "ತಳದಲ್ಲಿರುವ ಮರಳು ಕದಡದಂತೆ ಮೇಲಿನ ತಿಳಿನೀರನ್ನು ಬಸಿದ ನಂತರ ಸೋಸಿರಿ" ಅಂತ ಬರೆದ್ರೆ ಮರಳು, ನೀರು ಗೊತ್ತಾಗಬಹುದು, ಆದ್ರೆ "ಕದಡದಂತೆ"ಯೊಳಗಿನ "ಬೇಡ" ಅನ್ನೋದು ಕಣ್ತಪ್ಪಿ ಹೋಗ್ತದ. ಆಗ ಲೋಟ ಅಲ್ಲಾಡಿಸ್ತಾಳೆ, ನೀವು ಗಮನ ಇಲ್ಲ ಅಂತೀರಿ! ವಾಕ್ಯಕ್ಕೆ ಒಂದೇ ಕೆಲಸ, ಪ್ರತಿ ಸಾಲಿನ ಪಕ್ಕದಲ್ಲಿ ಸಣ್ಣ ಗೆರೆಚಿತ್ರ:

ಲೋಟಕ್ಕೆ ನೀರು, ಮರಳು, ಉಪ್ಪು ಹಾಕು. ಕಲಕು.
5 ನಿಮಿಷ ಕಾಯಿ. ಲೋಟ ಅಲ್ಲಾಡಿಸಬೇಡ.
ಮೇಲಿನ ನೀರನ್ನು ನಿಧಾನವಾಗಿ ಎರಡನೇ ಲೋಟಕ್ಕೆ ಹಾಕು. ಮರಳು ಹಾಕಬೇಡ.
ಎರಡನೇ ಲೋಟದ ನೀರು ಸೋಸು.
ಸೋಸಿದ ನೀರು ಸ್ವಲ್ಪ ತಟ್ಟೆಗೆ ಹಾಕು. ಬಿಸಿಲಲ್ಲಿ ಇಡು.

ಇದನ್ನ ಓದೋಕೂ ಟೈಮ್ ಬಿಡ್ರಿ, ಆಕಿ ಓದುವಾಗ ನೀವು ಮಾತಾಡ್ಬೇಡಿ. ಪ್ರಯೋಗದ ಮಧ್ಯೆ ನಿಲ್ಲಿಸಬೇಕಂದ್ರೆ ಲೈಟ್ ಆಫ್ ಆನ್ ಮಾಡಿದ್ರೆ ಎಲ್ಲಾ ತಲೆ ಎತ್ತುತ್ತಾರೆ, ಕರೆಂಟ್ ಇಲ್ದಿದ್ರೆ (ಇರೋದೂ ಅಪರೂಪ ಬಿಡ್ರಿ) ಕೈ ಮೇಲೆತ್ತಿ ಆಡಿಸಿದ್ರಾಯ್ತು.

ಕೊನೇಗೆ "ತಿಳೀತಾ?" ಅಂತ ಕೇಳ್ಬೇಡಿ, ಹೂಂ ಅಂತ ತಲೆ ಆಡಿಸ್ತಾಳೆ ಅಷ್ಟೇ. ಸೋಸಿದ ತಿಳಿನೀರು ತೋರಿಸಿ, ಉಪ್ಪು ಈಗ ಎಲ್ಲೈತಿ ಅಂತ ಕೇಳ್ರಿ. ಪ್ರಶ್ನೆ ಆಕಿ ಮುಖ ನೋಡಿ ಕೇಳ್ರಿ, "ಆಕಿಗೆ ಕೇಳ್ರಿ ಮೇಡಂ" ಅಂತ ಇಂಟರ್‌ಪ್ರಿಟರ್‌ಗೆ ಹೇಳೋದು ಬೇಡ. ಸೋಸೋ ಬಟ್ಟೆ ಕಡೆ ಬೆರಳು ತೋರಿಸಿದ್ರೆ ವಿಜ್ಞಾನಾನೇ ತಿಳಿದಿಲ್ಲ ಅಂತ, ಮರಳಿನ ಜೊತೆ ಉಪ್ಪೂ ಬಟ್ಟೇಲೇ ಉಳೀತು ಅನ್ಕೊಂಡಾಳ, ಬಿಸಿಲಿಗಿಟ್ಟ ತಟ್ಟೆ ಒಣಗಿದ ಮೇಲೆ ಉಳಿಯೋ ಬಿಳಿ ಪುಡಿ ತೋರಿಸಿ ಮತ್ತೆ ಕೇಳ್ರಿ. ನೀರಿನ ಕಡೆ ಸರಿಯಾಗಿ ತೋರಿಸಿ, ಸನ್ನೇಲೂ ಸರಿ ಹೇಳಿ, ನೋಟ್‌ಬುಕ್ಕಲ್ಲಿ ಮಾತ್ರ ವಾಕ್ಯ ತಪ್ಪಿದ್ರೆ ಅದು ಕನ್ನಡದ ತೊಂದ್ರೆ, ವಿಜ್ಞಾನದ ಮಾರ್ಕ್ಸ್ ಕಟ್ ಮಾಡ್ಬೇಡಿ. ಇನ್ನೊಂದು, ಆಕಿಗೆ ಉತ್ತರ ಬರ್ದೇ ಇದ್ರೆ ಇಂಟರ್‌ಪ್ರಿಟರ್ ತಾವೇ ಬಿಡಿಸಿ ಹೇಳಿಕೊಡೋದು ಬೇಡ ಅಂತ ಮೊದಲೇ ಮಾತಾಡ್ಕೊಂಡಿರ್ರಿ, ಯಾಕಂದ್ರೆ ಎಲ್ಲಿ ತಿಳಿದಿಲ್ಲ ಅನ್ನೋದು ನಿಮಗೆ ಗೊತ್ತಾಗೋದೇ ಇಲ್ಲ ಆಮೇಲೆ.