ಸೀರೆ ಅಂಗಡಿಯ ಗಿರಾಕಿ ಟೈಲರ್ ಹತ್ತಿರವೂ ಬರಬೇಕಾದರೆ

ಪ್ರಶ್ನೆ: ನಾನು ಬ್ಲೌಸ್ ಹೊಲಿಯುತ್ತೇನೆ. ಪಕ್ಕದ ಸೀರೆ ಅಂಗಡಿಯ ಗಿರಾಕಿಗಳು ನನ್ನಲ್ಲಿಗೂ ಬರುವ ಹಾಗೆ ಮಾಡೋದು ಹೇಗೆ? ಕಿರಿಕಿರಿ ಅನ್ನಿಸಬಾರದು.

ಉತ್ತರ: ಏನೇ ಆದರೂ ಅಂಗಡಿಯವರ ಹತ್ತಿರ ಗಿರಾಕಿಗಳ ಫೋನ್ ನಂಬರ್ ಕೇಳಬೇಡಿ. ಸೀರೆ ಬಿಲ್ಲಿಗೆ ಕೊಟ್ಟ ನಂಬರಿಗೆ ಟೈಲರ್ ಮೆಸೇಜ್ ಬಂದರೆ ಜನ ಇಬ್ಬರನ್ನೂ ಬ್ಲಾಕ್ ಮಾಡುತ್ತಾರೆ. ನಾನೂ ಒಮ್ಮೆ ಹೀಗೆ ಮಾಡಿ ಬೈಸಿಕೊಂಡಿದ್ದೇನೆ.

ಬಿಲ್ ಹಾಕುವ ಹೊತ್ತೇ ಸರಿಯಾದ ಹೊತ್ತು. ಸೀರೆ ಕೈಗೆ ಬಂದ ಕೂಡಲೇ ಫಾಲ್, ಜಿಗ್‌ಜಾಗ್, ಬ್ಲೌಸ್ ಎಲ್ಲಿ ಮಾಡಿಸೋದು ಅನ್ನೋ ಯೋಚನೆ ಬಂದೇ ಬರುತ್ತದೆ, ಅಲ್ವಾ? "ಬ್ಲೌಸ್ ಹೊಲಿಸೋಕೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದವರಿಗೆ ಅಂಗಡಿಯವರು ನಿಮ್ಮ ಚೀಟಿ ಕೊಡಲಿ. ಸುಮ್ನೆ ಎಲ್ಲರ ಕವರಿಗೂ ತುರುಕಿದರೆ ಅದು ಕಸ.

ಚೀಟಿಯಲ್ಲಿ ಒಂದೇ ಮಾತಿರಲಿ: '15 ದಿನದೊಳಗೆ ಬಂದು ಬ್ಲೌಸ್ ಹೊಲಿಸಿದರೆ ಫಾಲ್ ಹೊಲಿಗೆ ಉಚಿತ'. ಬ್ಲೌಸ್ ಷರತ್ತು ಬಿಡಬೇಡಿ. ಬಿಟ್ಟರೆ ಬರೀ ಫಾಲ್‌ಗೆ ಬರುವವರೇ ಜಾಸ್ತಿ.

50 ಚೀಟಿಗೆ 1ರಿಂದ 50ರವರೆಗೆ ನಂಬರ್ ಹಾಕಿ ಅಂಗಡಿಗೆ ಕೊಡಿ. ಉದಾಹರಣೆಗೆ, ತಿಂಗಳ ಕೊನೆಗೆ 20 ಖಾಲಿಯಾಗಿ 6 ನಿಮ್ಮ ಹತ್ತಿರ ಬಂದಿದ್ದರೆ ಮುಂದುವರಿಸಬಹುದು. 50 ಖಾಲಿಯಾಗಿ ಒಂದೇ ಬಂದಿದ್ದರೆ ಕೇಳದವರಿಗೂ ಹಂಚಿರುವ ಸಾಧ್ಯತೆ ಹೆಚ್ಚು.

ಅಂಗಡಿಯವರಿಗೂ ಏನಾದರೂ ಸಿಗಬೇಕು. ಹೊಲಿದ ಬ್ಲೌಸಿನ ಫೋಟೋ ಹಾಕುವಾಗ, ಗಿರಾಕಿಯ ಒಪ್ಪಿಗೆ ಪಡೆದು, ಸೀರೆ ಯಾವ ಅಂಗಡಿಯದು ಎಂದು ಬರೆಯಿರಿ. ಕಮಿಷನ್ ಬೇಡ, ದುಡ್ಡು ಬಂತೆಂದರೆ ಅವರು ಕಂಡಕಂಡವರಿಗೆಲ್ಲ ನಿಮ್ಮ ಹೆಸರು ಹೇಳಲು ಶುರು ಮಾಡುತ್ತಾರೆ.

ಮದುವೆ ಸೀಸನ್‌ನಲ್ಲಿ ಕೈತುಂಬ ಕೆಲಸವಿದ್ದರೆ ಚೀಟಿ ವಾಪಸ್ ತರಿಸಿಕೊಳ್ಳಿ. ಬ್ಲೌಸ್ ತಡವಾದರೆ ಗಿರಾಕಿ ಜಗಳಕ್ಕೆ ಹೋಗೋದು ಸೀರೆ ಅಂಗಡಿಗೇ.