ಕೀ ಒತ್ತಿ ಹಿಡಿದಾಗ ರಿಪೀಟ್ ವೇಗ ಎಷ್ಟಿರಬೇಕು?

ಪ್ರಶ್ನೆ: ಮಂಗಳೂರಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ, ಉಬುಂಟು ಬಳಸುತ್ತೇನೆ. ನನ್ನ ಟೈಪಿಂಗ್ ಫಾಸ್ಟ್. ಆದರೆ ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದರೆ ನಿಧಾನ ಅನಿಸುತ್ತದೆ. ರಿಪೀಟ್ ರೇಟನ್ನು ಪೂರ್ತಿ ಮೇಲೆ ಏರಿಸಿಬಿಡಬಹುದಾ?

ಉತ್ತರ: ಬೇಡ. ನಿಮಗೆ ನಿಧಾನ ಅನಿಸುತ್ತಿರುವುದು ರೇಟ್ ಅಲ್ಲ, ಡಿಲೇ. ನಾನೂ ಉಡುಪಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇದೇ ಕೆಲಸ ಮಾಡುತ್ತಿದ್ದೆ, ಇದೇ ಕಿರಿಕಿರಿ ನನಗೂ ಇತ್ತು.

ಉಬುಂಟುವಿನಲ್ಲಿ ಮೊದಲೇ ಇರುವ ಲೆಕ್ಕ ಹೀಗೆ: ಕೀ ಒತ್ತಿದ ಕೂಡಲೇ ಒಂದು ಅಕ್ಷರ ಹೋಗುತ್ತದೆ. ಆಮೇಲೆ 500 ಮಿಲಿಸೆಕೆಂಡ್ ಸುಮ್ನೆ ಕಾಯುತ್ತದೆ, ಇದೇ ಡಿಲೇ. ಅದಾದ ಮೇಲೆ ಪ್ರತಿ 30 ಮಿಲಿಸೆಕೆಂಡಿಗೆ ಒಂದೊಂದು, ಇದು ರೇಟ್. ಕನ್ನಡದಲ್ಲಿ ಬ್ಯಾಕ್‌ಸ್ಪೇಸ್ ಹೆಚ್ಚಿನ ಕಡೆ ಇಡೀ ಅಕ್ಷರವನ್ನು ಅಳಿಸುವುದಿಲ್ಲ. ವ್ಯಂಜನ, ಹಲಂತ, ಸ್ವರಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಲೆಕ್ಕ ಹಿಡಿದು ಒಂದೊಂದಾಗಿ ತೆಗೆಯುತ್ತದೆ. ‘ರಾಷ್ಟ್ರೀಯ’ ನೋಡಲು ಮೂರೇ ಅಕ್ಷರ, ಒಳಗೆ ಇರುವುದು ಒಂಬತ್ತು. ಆ ಒಂಬತ್ತನ್ನೂ ಅಳಿಸಲು 710 ಮಿಲಿಸೆಕೆಂಡ್ ಬೇಕು. ರೇಟನ್ನು ಎರಡರಷ್ಟು ಮಾಡಿದರೆ 605ಕ್ಕೆ ಇಳಿಯುತ್ತದೆ. ರೇಟ್ ಮುಟ್ಟದೆ ಡಿಲೇಯನ್ನು ಅರ್ಧ ಮಾಡಿದರೆ 460. ಕೈಗೆ ಹಗುರ ಅನಿಸುವುದು ಎರಡನೆಯದೇ.

ರೇಟ್ ಏರಿಸಿದರೆ ಇನ್ನೊಂದು ತೊಂದರೆ. ಸಾಕು ಎಂದು ಕಣ್ಣಿಗೆ ಕಂಡು ಬೆರಳು ಮೇಲೇಳಲು ಸುಮಾರು ಕಾಲು ಸೆಕೆಂಡ್ ಹೋಗುತ್ತದೆ. 30 ಮಿಲಿಸೆಕೆಂಡಿಗೆ ಒಂದರಂತೆ ಹೋದರೆ ಅಷ್ಟರೊಳಗೆ ಎಂಟು ಹೋಗಿರುತ್ತವೆ, 15ಕ್ಕೆ ಒಂದರಂತೆ ಹೋದರೆ ಹದಿನಾರು. ಅಳಿಸಬಾರದ ಪದವನ್ನೂ ಅಳಿಸಿ ಮತ್ತೆ ಹೊಡೆಯುತ್ತಾ ಕೂರಬೇಕು. ಇದರಲ್ಲಿ ಉಳಿತಾಯ ಎಲ್ಲಿ ಬಂತು? ದೊಡ್ಡ ಭಾಗ ಅಳಿಸುವುದಿದ್ದರೆ ಕಂಟ್ರೋಲ್ ಜೊತೆ ಬ್ಯಾಕ್‌ಸ್ಪೇಸ್ ಒತ್ತಿ, ಪದ ಪದವೇ ಹೋಗುತ್ತದೆ.

ಹಾಗಾದರೆ ಡಿಲೇಯನ್ನು ಎಷ್ಟು ಇಳಿಸಬಹುದು? ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ನಾನು 150ಕ್ಕೆ ಇಳಿಸಿದೆ. ಇಳಿಸಿದ ಮೇಲೆ ಪರೀಕ್ಷೆಯನ್ನೂ ಮಾಡಿದೆ. ಒಂದು ಪುಟದಷ್ಟು ಲೇಖನವನ್ನು ನನ್ನ ಪೂರ್ತಿ ವೇಗದಲ್ಲಿ ಹೊಡೆದೆ. ಎಲ್ಲೂ ಅಕ್ಷರ ಎರಡೆರಡು ಬೀಳಲಿಲ್ಲ. ಸರಿ, ಇದೇ ಇರಲಿ ಎಂದು ಬಿಟ್ಟೆ.

ಕೆಲವು ದಿನಗಳಲ್ಲಿ ಮಲ್ಪೆ ಕಡೆಯವರೊಬ್ಬರು ಹರಕೆ ಯಕ್ಷಗಾನದ ಹ್ಯಾಂಡ್‌ಬಿಲ್ ಕೊಟ್ಟರು. ಕೈಬರಹದ ಚೀಟಿ, ಕೆಳಗೆ ಸಂಪರ್ಕಕ್ಕೆ ಮೊಬೈಲ್ ನಂಬರ್. ಪ್ರೂಫ್ ನೋಡಿದ್ದಾಯಿತು, ಪ್ರಸಂಗದ ಹೆಸರು, ಮೇಳದ ಹೆಸರು, ದಿನಾಂಕ ಎಲ್ಲ ಸರಿ ಇತ್ತು. ಅಚ್ಚಾಗಿ, ಮನೆ ಮನೆಗೆ ಹಂಚಿಯೂ ಆಯಿತು. ಆಮೇಲೆ ಅವರು ಬಂದು, “ಏನು ಮಾರಾಯ್ರೆ, ಈ ನಂಬರಿಗೆ ಫೋನೇ ಹೋಗುವುದಿಲ್ಲವಂತೆ” ಎಂದರು. ನೋಡಿದರೆ ನಂಬರಿನ ನಡುವೆ 7 ಎರಡು ಸಲ ಬಿದ್ದಿತ್ತು, ಒಟ್ಟು ಹನ್ನೊಂದು ಅಂಕಿ. ಪದದಲ್ಲಿ ಅಕ್ಷರ ಜಾಸ್ತಿಯಾದರೆ ಓದುವಾಗ ಕಣ್ಣಿಗೆ ಚುಚ್ಚುತ್ತದೆ. ಅಂಕಿಯಲ್ಲಿ ಹಾಗೆ ಚುಚ್ಚುವುದಿಲ್ಲ, ಸ್ಪೆಲ್ ಚೆಕ್ಕೂ ಹಿಡಿಯುವುದಿಲ್ಲ. ಪೂರ್ತಿ ಮತ್ತೆ ಅಚ್ಚು ಹಾಕಬೇಕಾಯಿತು. ಧನಿಗಳು ಕಾಗದದ ದುಡ್ಡನ್ನು ನನ್ನ ಸಂಬಳದಿಂದಲೇ ಹಿಡಿದರು.

ಪೂರ್ತಿ ವೇಗದಲ್ಲಿ ಬಾರದ ತಪ್ಪು ನಂಬರಿನಲ್ಲಿ ಯಾಕೆ ಬಂತು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಇರುವುದು ಇದರಲ್ಲೇ. ರಿಪೀಟ್ ಆಗುವುದು ಕೊನೆಗೆ ಒತ್ತಿದ ಕೀ ಮಾತ್ರ. ವೇಗವಾಗಿ ಹೊಡೆಯುವಾಗ ಒಂದು ಬೆರಳು ಮೇಲೇಳುವ ಮೊದಲೇ ಇನ್ನೊಂದು ಬೆರಳು ಮುಂದಿನ ಕೀಯನ್ನು ಒತ್ತಿರುತ್ತದೆ. ಹಾಗೆ ಒತ್ತಿದ ಕೂಡಲೇ ಹಿಂದಿನ ಕೀಯ ರಿಪೀಟ್ ಅಲ್ಲಿಗೇ ನಿಂತುಹೋಗುತ್ತದೆ, ಅದನ್ನು ಎಷ್ಟು ಹೊತ್ತು ಹಿಡಿದಿದ್ದರೂ ಸರಿ. ಅಂದರೆ ವೇಗವೇ ನಮ್ಮನ್ನು ಕಾಯುತ್ತದೆ. ಚೀಟಿ ನೋಡಿಕೊಂಡು ನಂಬರ್ ಹೊಡೆಯುವಾಗ ಆ ಕಾವಲು ಇಲ್ಲ. ಬೆರಳು ಮೇಲಿನ ಸಾಲಿಗೆ ಚಾಚಿರುತ್ತದೆ, ಕಣ್ಣು ಚೀಟಿಯಲ್ಲಿ ಮುಂದಿನ ಅಂಕಿಯನ್ನು ಹುಡುಕುತ್ತಿರುತ್ತದೆ, ಅಷ್ಟು ಹೊತ್ತು ಕೀ ಕೆಳಗೇ ಇರುತ್ತದೆ. 150 ದಾಟಿ 165ರಲ್ಲಿ ಬೆರಳೆತ್ತಿದರೆ ಸರಿಯಾಗಿ ಒಂದೇ ಒಂದು ಅಂಕಿ ಜಾಸ್ತಿ ಬೀಳುತ್ತದೆ. ನಾಲ್ಕೈದು ಬಿದ್ದಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನಾನು ಪರೀಕ್ಷೆ ಮಾಡಿದ್ದು ವೇಗದ ಬರಹದಲ್ಲಿ, ಅಂದರೆ ಈ ತಪ್ಪು ಬರಲು ಸಾಧ್ಯವೇ ಇಲ್ಲದ ಕಡೆ.

ಆದ್ದರಿಂದ ಯಾರದೋ ಸೆಟ್ಟಿಂಗ್ ನಕಲು ಮಾಡಬೇಡಿ, ನಿಮ್ಮ ಬೆರಳನ್ನೇ ಅಳೆಯಿರಿ. ನಿಮ್ಮದು ವೇಲ್ಯಾಂಡ್ ಅಲ್ಲದ, ಎಕ್ಸಾರ್ಗ್ ಸೆಷನ್ ಆಗಿದ್ದರೆ ಹೀಗೆ ಮಾಡಬಹುದು:

```
xset r off
xev -event keyboard
```

ಮೊದಲ ಸಾಲು ರಿಪೀಟನ್ನು ನಿಲ್ಲಿಸುತ್ತದೆ. ಇದು ಬೇಕೇ ಬೇಕು, ಇಲ್ಲದಿದ್ದರೆ ರಿಪೀಟ್ ಆದದ್ದೂ ಒತ್ತಿ ಬಿಟ್ಟ ಹಾಗೆ ದಾಖಲಾಗಿ ಲೆಕ್ಕ ಕೆಡುತ್ತದೆ. ಎರಡನೆಯದು ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಟೈಪ್ ಮಾಡಿ. ಟರ್ಮಿನಲ್‌ನಲ್ಲಿ ಪ್ರತಿ ಕೀಗೂ `KeyPress` ಮತ್ತು `KeyRelease` ಬರುತ್ತವೆ, ಎರಡರಲ್ಲೂ `time` ಎಂದು ಮಿಲಿಸೆಕೆಂಡ್ ಲೆಕ್ಕ ಇರುತ್ತದೆ. ಒತ್ತಿದ್ದು 48213350, ಬಿಟ್ಟದ್ದು 48213462 ಎಂದಿದ್ದರೆ ನೀವು ಹಿಡಿದದ್ದು 112. ಇಲ್ಲಿ ಲೇಖನ ಹೊಡೆಯಬೇಡಿ. ಒಂದು ಹಳೆಯ ಬಿಲ್ಲನ್ನೋ ಫೋನ್ ನಂಬರಿನ ಪಟ್ಟಿಯನ್ನೋ ಪಕ್ಕಕ್ಕಿಟ್ಟು, ಅದನ್ನು ನೋಡುತ್ತಾ ನಿಮ್ಮ ಸಹಜ ರೀತಿಯಲ್ಲೇ ಅಂಕಿ ಹೊಡೆಯಿರಿ. ಮುಗಿದ ಮೇಲೆ `xset r on` ಕೊಡಲು ಮರೆಯಬೇಡಿ.

ಸರಾಸರಿ ತೆಗೆಯುವುದು ಬೇಡ. ಅತಿ ಹೆಚ್ಚು ಹೊತ್ತು ಹಿಡಿದದ್ದು ಯಾವುದು, ಅಷ್ಟೇ ನೋಡಿ. ನನ್ನದು ಅಕ್ಷರಗಳಲ್ಲಿ 110ರ ಆಸುಪಾಸು ಇತ್ತು, ಅಂಕಿಗಳಲ್ಲಿ 190ರವರೆಗೂ ಹೋಗುತ್ತಿತ್ತು. ಅದರ ಮೇಲೆ ಒಂದು 60 ಜಾಗ ಬಿಟ್ಟು 250 ಇಟ್ಟೆ:

```
gsettings set org.gnome.desktop.peripherals.keyboard delay 250
gsettings set org.gnome.desktop.peripherals.keyboard repeat-interval 30
```

ಎರಡನೇ ಸಾಲಿನ 30 ಅಂದರೆ ಎರಡು ಅಕ್ಷರಗಳ ನಡುವಿನ ಮಿಲಿಸೆಕೆಂಡ್, ಸೆಕೆಂಡಿಗೆ 30 ಅಕ್ಷರ ಅಲ್ಲ. ಅದನ್ನು 60 ಮಾಡಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. `xset r rate 250 33` ಎಂದು ಕೊಡುವಾಗ ಮಾತ್ರ ಎರಡನೇ ಅಂಕಿ ಸೆಕೆಂಡಿಗೆ ಎಷ್ಟು ಎಂಬುದು. ಈ `xset` ಸೆಟ್ಟಿಂಗ್ ಕೀಬೋರ್ಡ್ ಕಿತ್ತು ಹಾಕಿದರೆ ಹೋಗಿಬಿಡಬಹುದು, ವೇಲ್ಯಾಂಡ್ ಸೆಷನ್‌ನಲ್ಲಂತೂ ಕೆಲಸವೇ ಮಾಡುವುದಿಲ್ಲ. ಅದಕ್ಕೇ ಗ್ನೋಮ್‌ನದ್ದನ್ನೇ ಬಳಸಿ ಎನ್ನುವುದು.

ನಿಮ್ಮ ಪ್ರೆಸ್ಸಿನಲ್ಲಿ ವಿಂಡೋಸ್ ಮೆಷಿನ್ನೂ ಇದ್ದರೆ, ಕಂಟ್ರೋಲ್ ಪ್ಯಾನೆಲ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ `Repeat delay` ಸ್ಲೈಡರನ್ನು `Short` ಕಡೆಗೆ ಪೂರ್ತಿ ಎಳೆಯಿರಿ. ಅದು ಹೆಚ್ಚುಕಡಿಮೆ 250ಕ್ಕೇ ಬಂದು ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಹೋಗಲು ಆ ಸ್ಲೈಡರ್ ಬಿಡುವುದಿಲ್ಲ. ಒಳ್ಳೆಯದೇ ಆಯಿತು.

ಇಷ್ಟು ಮಾಡಿದ ಮೇಲೂ ಎಲ್ಲಾದರೂ ಅಂಕಿ ಎರಡು ಬಿದ್ದರೆ ಡಿಲೇಯನ್ನು 25 ಏರಿಸಿ, ರೇಟನ್ನು ಮುಟ್ಟಬೇಡಿ. 300ಕ್ಕೆ ಹೋದ ಮೇಲೂ ಬೀಳುತ್ತಿದೆ ಎಂದರೆ ಬಹುಶಃ ರಿಪೀಟ್ ಕಾರಣ ಅಲ್ಲ, ಕೀಬೋರ್ಡಿನ ಸ್ವಿಚ್ಚೇ ಹಾಳಾಗಿರಬಹುದು. ಎಕ್ಸಾರ್ಗ್ ಸೆಷನ್‌ನಲ್ಲಿ `xset r off` ಮಾಡಿ ಅದೇ ಕೀಯನ್ನು ಕೆಲವು ಸಲ ಮೆಲ್ಲಗೆ ಒತ್ತಿ ನೋಡಿ. ರಿಪೀಟ್ ಇಲ್ಲದೆಯೂ ಎರಡು ಬಂದರೆ ಕೀಬೋರ್ಡ್ ಬದಲಿಸಿ.