ಮೀಟಿಂಗ್‌ನಲ್ಲಿ ದಾಕೋರ್ ಅನ್ನೋ ಮುಂಚೆ

ಪ್ರಶ್ನೆ: ಬೆಂಗಳೂರಿಂದ ಫ್ರಾನ್ಸ್‌ಗೆ ಬಂದು ಆರು ತಿಂಗಳಾಯ್ತು, ಫ್ರೆಂಚ್ ಬಿ1 ಮಟ್ಟ ಮುಗ್ಸಿದೀನಿ. ಮೀಟಿಂಗಲ್ಲಿ ಯಾರಿಗೂ ಬೇಜಾರಾಗದ ಹಾಗೆ 'ನಾನು ಒಪ್ಪಲ್ಲ' ಅಂತ ಫ್ರೆಂಚಲ್ಲಿ ಹೇಳೋದು ಹೇಗೆ?

ಬೇಜಾರಿನ ಚಿಂತೆ ಬಿಡಿ, ನಾನು ಟುಲೂಸ್‌ಗೆ ಬಂದ ಹೊಸದರಲ್ಲಿ ಯಾರಿಗೂ ಬೇಜಾರು ಮಾಡ್ಲಿಲ್ಲ, ಅದ್ರಿಂದಾನೇ ಕೆಟ್ಟೆ. ಟೆಸ್ಟಿಂಗ್‌ಗೆ ಮೂರು ವಾರ ಬೇಕಿತ್ತು, ಪ್ರಾಜೆಕ್ಟ್ ಮ್ಯಾನೇಜರ್ ಎರಡೇ ವಾರ ಅಂತ ಪ್ಲಾನ್ ತೋರಿಸ್ತಾ ಹೋದ್ರು, ನಾನು ಪ್ರತಿ ಸ್ಲೈಡಿಗೂ 'ದಾಕೋರ್, ದಾಕೋರ್' ಅಂದ್ಕೊಂಡು ಕೂತಿದ್ದೆ. ನನ್ನ ಲೆಕ್ಕದಲ್ಲಿ ಅದು ನಮ್ಮ 'ಹೂಂ, ಸರಿ ಸರಿ', ಅಂದ್ರೆ ಕೇಳಿಸ್ಕೊಳ್ತಾ ಇದೀನಿ ಮುಂದೆ ಹೇಳಿ ಅಂತ ಅಷ್ಟೇ, ತಕರಾರು ಏನಿದ್ರೂ ಸಂಜೆ ಮೇಲ್ ಹಾಕೋಣ ಅಂದ್ಕೊಂಡಿದ್ದೆ. ಆದ್ರೆ ಅವರ ಕಿವಿಗೆ ಅದು 'ಒಪ್ಪಿದೆ' ಅಂತಾನೇ ಬಿದ್ದಿತ್ತು. ಆ ಮೇಲ್ ಬರೆಯೋ ಮುಂಚೇನೇ ಕೋಂತ್ ರಾಂದ್ಯು ಬಂತು, ಅಂದ್ರೆ ಮೀಟಿಂಗ್‌ನ ನಡಾವಳಿ. ಟೆಸ್ಟ್ ಎರಡು ವಾರ, ಜವಾಬ್ದಾರಿ ಅನ್ನೋ ಕಡೆ ನನ್ನ ಹೆಸರು! ಆಮೇಲೆ ಮೇಲ್ ಹಾಕಿದ್ರೆ 'ನೀವೇ ಒಪ್ಪಿದ್ರಲ್ಲ' ಅಂತ ಉತ್ತರ. ಕೊನೆಗೆ ಬೆಂಗಳೂರಿನ ಟೀಮ್ ಎರಡು ಶನಿವಾರ ಕೂತು ಕೆಲಸ ಮಾಡ್ತು, ಅವ್ರ ಮುಂದೆ ನನಗೆ ಇನ್ನೂ ಮುಖ ಎತ್ತೋಕಾಗಲ್ಲ.

ಹಾಗಾಗಿ ಮೊದಲು ಆ ದಾಕೋರ್ ಚಟ ಬಿಡಿ. ಕೇಳಿಸ್ಕೊಳ್ತಾ ಇದೀನಿ ಅನ್ನೋಕೆ 'ಜ ವ್ವಾ' ಅನ್ನಿ, ನೀವು ಹೇಳ್ತಿರೋದು ಗೊತ್ತಾಯ್ತು ಅಂತ ಅರ್ಥ, ಅದ್ರಲ್ಲಿ ಒಪ್ಪಿಗೆ ಇಲ್ಲ.

ಒಪ್ಪದೇ ಇದ್ರೆ ಅಲ್ಲೇ ಹೇಳಿ: 'ಜ ನ ಸ್ವಿ ಪಾ ತುತಾಫೆ ದಾಕೋರ್ ಸ್ಯುರ್ ಲ ದೆಲೆ.' ಗಡುವಿನ ವಿಷಯದಲ್ಲಿ ನನ್ನ ಪೂರ್ತಿ ಒಪ್ಪಿಗೆ ಇಲ್ಲ ಅಂತ. ಇದ್ರಲ್ಲಿ 'ತುತಾಫೆ' ಅನ್ನೋದೇ ಮೆತ್ತಗೆ ಮಾಡೋದು, ಅದನ್ನ ತೆಗೆದ್ರೆ ಬಾಗಿಲು ಹಾಕಿದ ಹಾಗೆ ಕೇಳುತ್ತೆ. ಕೊನೇಲಿ ಯಾವುದು ಒಪ್ಪಿಗೆ ಇಲ್ಲ ಅಂತ ಹೆಸರು ಹಿಡಿದು ಹೇಳಿದ್ದಕ್ಕೆ ಜಗಳ ತಾರೀಖಿನ ಜೊತೆ ಆಗುತ್ತೆ, ಮನುಷ್ಯರ ಜೊತೆ ಅಲ್ಲ. 'ವುಜಾವೆ ತೋರ್' ಮಾತ್ರ ಬೇಡ, ಅದು ನಿಮ್ಮದೇ ತಪ್ಪು ಅಂತ ಮುಖಕ್ಕೆ ಹೇಳಿದ ಹಾಗೆ. ಕ್ಷಮಿಸಿ ಕ್ಷಮಿಸಿ ಅಂತ ಶುರು ಮಾಡೋದೂ ಬೇಡ, ನನ್ನ ಕಣ್ಣಿಗಂತೂ ಅದು ವಿನಯ ಅಲ್ಲ, ಪುಕ್ಕಲುತನ.

ಅದನ್ನ ಹೇಳಿದ ತಕ್ಷಣ 'ಪುರ್ಕ್ವಾ?' ಅಂತ ಬರುತ್ತೆ, ಯಾಕೆ ಅಂತ. ಕೋಪ ಅಂದ್ಕೋಬೇಡಿ, ನಿಜವಾಗ್ಲೂ ಕಾರಣ ಕೇಳ್ತಿದಾರೆ, ಒಂದೇ ಒಂದು ಗಟ್ಟಿ ಕಾರಣ ರೆಡಿ ಇಟ್ಕೊಂಡಿರಿ. ಮುಂದಿನ ರಿಲೀಸ್‌ಗೆ ನಾನು 'ಜ ನ ಪಾಂಸ್ ಪಾ ಕ ಸ ಸ್ವಾ ಫಜಾಬ್ಲ್', ಆಗೋ ಮಾತಲ್ಲ ಅನ್ಸುತ್ತೆ ಅಂದು, ಒಂದು ಟೆಸ್ಟ್ ಬೆಂಚ್ ಮಾತ್ರ ಇದೆ ಅಂತ ಸೇರಿಸ್ದೆ. ಕಾಲು ಗಂಟೆ ವಾದ ಆಯ್ತು, ಮೂರು ವಾರ ಸಿಕ್ತು. ಅಂದಹಾಗೆ ಅಲ್ಲಿ 'ಸ ಸ್ವಾ' ಅನ್ನೋ ಕಡೆ ನಾನು 'ಸೆ' ಅಂತ ತಪ್ಪು ಹೇಳಿದ್ದೆ, ಮನೆಗೆ ಬಂದ ಮೇಲೆ ಗೊತ್ತಾಯ್ತು, ಅಲ್ಲಿ ಯಾರೂ ಕ್ಯಾರೇ ಅಂದಿರ್ಲಿಲ್ಲ.